ಜಡ್ಜ್ ಮುಂದೆ ನಿಂತಾಗ ಮೊದಲ ಮಾತು

ನಾನು ತಾಲ್ಲೂಕು ಕೋರ್ಟಿನ ವಕೀಲ. ಮೊದಲ ಸಲ ಕೋರ್ಟಿಗೆ ಬರುವ ಕಕ್ಷಿದಾರರು ಕೇಸಿನ ವಿಷಯಕ್ಕಿಂತ ಮೊದಲು ಕೇಳುವುದು ಒಂದೇ: "ಸಾರ್, ಜಡ್ಜ್ ಸಾಹೇಬ್ರನ್ನ ಏನಂತ ಕರೀಬೇಕು?" ಕೆಲವರು ಸಿನಿಮಾ ನೋಡಿ "ಮೈ ಲಾರ್ಡ್" ಅಂತ ಅಭ್ಯಾಸ ಮಾಡಿಕೊಂಡೇ ಬಂದಿರುತ್ತಾರೆ.

ಅದು ಬೇಡ. ವಕೀಲರಿಗೇ 2006ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ ಮಾಡಿದೆ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನಲ್ಲಿ "ಯುವರ್ ಆನರ್" ಅಥವಾ "ಆನರಬಲ್ ಕೋರ್ಟ್" ಅನ್ನಬಹುದು. ಕೆಳಗಿನ ಕೋರ್ಟುಗಳಲ್ಲಿ "ಸರ್" ಅಥವಾ ಅಲ್ಲಿನ ಭಾಷೆಯ ಅಂಥದ್ದೇ ಮಾತು ಸಾಕು. 2021ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರೂ "ಮೈ ಲಾರ್ಡ್" ಬಿಡಿ ಅಂತ ವಕೀಲರನ್ನು ಕೇಳಿಕೊಂಡಿದ್ದರು. ಹಿರಿಯ ವಕೀಲರ ಬಾಯಲ್ಲಿ ಅದು ಇನ್ನೂ ಹೋಗಿಲ್ಲ, ಅದು ಬೇರೆ ಮಾತು. ನನ್ನ ಕಕ್ಷಿದಾರರಿಗೆ ನಾನು ಹೇಳುವುದು "ಸ್ವಾಮಿ" ಅಥವಾ "ಸರ್", ಮಹಿಳಾ ನ್ಯಾಯಾಧೀಶರಾದರೆ "ಮೇಡಂ". ಜೆಎಂಎಫ್‌ಸಿ, ಅಂದರೆ ಮೊದಲ ದರ್ಜೆಯ ಮ್ಯಾಜಿಸ್ಟ್ರೇಟ್ ಆಗಲಿ, ಜಿಲ್ಲಾ ನ್ಯಾಯಾಧೀಶರಾಗಲಿ, ಇದೇ ನಡೆಯುತ್ತದೆ. ವಯಸ್ಸಾದವರು "ಬುದ್ಧಿ" ಅಂದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಕರೆಯುವ ಮಾತು ಸುಲಭ. ಜನ ತಡವರಿಸುವುದು ಅದರ ಮುಂದಿನ ವಾಕ್ಯದಲ್ಲಿ.

ಒಂದು ಚೆಕ್ ಬೌನ್ಸ್ ಕೇಸ್ ಹೇಳುತ್ತೇನೆ. ನನ್ನ ಕಕ್ಷಿದಾರರದು ಹಾರ್ಡ್‌ವೇರ್ ಅಂಗಡಿ. ಸಿಮೆಂಟ್, ಕಬ್ಬಿಣ ಸಾಲಕ್ಕೆ ಕೊಟ್ಟಿದ್ದರು, ಬಂದ ಚೆಕ್ ವಾಪಸಾಗಿತ್ತು. ಕೇಸ್ ಹಾಕಿದವರು ಇವರೇ, ಅಂದರೆ ಫಿರ್ಯಾದಿ. ಇಂಥ ಕೇಸಿನಲ್ಲಿ ಕೂಗಿದಾಗ ಫಿರ್ಯಾದಿ ಕಡೆಯವರು ಯಾರೂ ಇಲ್ಲದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡುವ ಅಧಿಕಾರ ಆಗಿನ ಕಾನೂನಿನಲ್ಲಿ ಮ್ಯಾಜಿಸ್ಟ್ರೇಟರಿಗಿತ್ತು. ಅವತ್ತು ನನಗೆ ಪಕ್ಕದ ಹಾಲ್‌ನಲ್ಲಿ ಪಾಟಿಸವಾಲು ಇತ್ತು. ಅದು ಬೇಗ ಮುಗಿಯುವಂತಿರಲಿಲ್ಲ. ಹಾಗಾಗಿ ಅವರಿಗೆ ಬೆಳಿಗ್ಗೆಯೇ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದ್ದೆ.

"ನಮಸ್ಕಾರ ಸ್ವಾಮಿ. ನಾನು ಈ ಕೇಸಿನ ಫಿರ್ಯಾದಿ. ನಮ್ಮ ವಕೀಲರು ಪಕ್ಕದ ಕೋರ್ಟಿನಲ್ಲಿ ಪಾಟಿಸವಾಲಿನಲ್ಲಿದ್ದಾರೆ. ಸ್ವಲ್ಪ ಹೊತ್ತು ಪಾಸ್‌ಓವರ್ ಕೊಡಿ."

ಪಾಸ್‌ಓವರ್ ಅಂದರೆ ಕೇಸನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಅವತ್ತೇ ಆಮೇಲೆ ಕೂಗುವುದು. ಈ ನಾಲ್ಕು ವಾಕ್ಯದ ಕ್ರಮ ಗಮನಿಸಿ. ಮೊದಲು ನಾನು ಯಾರು, ಆಮೇಲೆ ಏನಾಗಿದೆ, ಕೊನೆಗೆ ಏನು ಬೇಕು. ಬೆಂಚ್ ಕ್ಲರ್ಕ್ ನಂಬರ್ ಕೂಗಿದಾಗ ಜಡ್ಜ್ ಎದುರಿಗೆ ಫೈಲ್ ಇರುತ್ತದೆ, ಆದರೆ ನಿಂತವನು ಫಿರ್ಯಾದಿಯೋ ಆರೋಪಿಯೋ ಸಾಕ್ಷಿಯೋ ಅವರಿಗೆ ಗೊತ್ತಿರುವುದಿಲ್ಲ. ಅದು ತಿಳಿಯದೆ ಮುಂದಿನ ಮಾತು ಅವರ ತಲೆಗೆ ಹೋಗುವುದಿಲ್ಲ. ಇಲ್ಲಿ "ನಾನು ಅವರಿಗೆ ಎಷ್ಟು ನಂಬಿ ಸಾಮಾನು ಕೊಟ್ಟೆ ಅಂದ್ರೆ..." ಅಂತ ಶುರು ಮಾಡಿದರೆ, "ಏನ್ರೀ ನಿಮ್ಮದು?" ಅಂತ ಅರ್ಧಕ್ಕೇ ತಡೆಯುತ್ತಾರೆ. ಹಾಗೆ ತಡೆದರೆ ಮೊದಲು ಹೇಳಬೇಕಾದ್ದು ಹೇಳಿಲ್ಲ ಅಂತಲೇ ಅರ್ಥ. ಅಂಗಡಿಯವರು ಹೇಳಿಕೊಟ್ಟಂತೆ ಹೇಳಿದರು. ಜಡ್ಜ್ ತಲೆಯಾಡಿಸಿ ಫೈಲ್ ಪಕ್ಕಕ್ಕಿಟ್ಟರು. ನಾನು ಬಂದ ಮೇಲೆ ಮತ್ತೆ ಕೂಗಿಸಿದರು.

ಸಾಕ್ಷಿ ಕಟ್ಟೆಯಲ್ಲಿ ಇನ್ನೊಂದು ವಿಷಯ ಸೇರುತ್ತದೆ. ಪ್ರಶ್ನೆ ಕೇಳುವವರು ವಕೀಲರು, ಆದರೆ ಉತ್ತರವನ್ನು ಜಡ್ಜ್ ಕಡೆ ನೋಡಿ ಹೇಳಬೇಕು. ಅವರು ಕೇಳಿಸಿಕೊಂಡು ಟೈಪ್ ಮಾಡುವವರಿಗೆ ಹೇಳಿ ಬರೆಸುತ್ತಾರೆ. ಅದಕ್ಕೇ ಒಂದು ವಾಕ್ಯ ಹೇಳಿ ನಿಲ್ಲಿಸಿ ಅನ್ನುತ್ತೇನೆ. ಎದುರು ಪಕ್ಷದ ವಕೀಲರು ರೇಗಿಸಿದರೂ ಅವರಿಗೂ "ಸರ್" ಅಂತಲೇ ಅನ್ನಿ. ಪ್ರತಿ ಉತ್ತರಕ್ಕೂ "ಸ್ವಾಮಿ, ಸ್ವಾಮಿ" ಬೇಕಿಲ್ಲ. ಜಾಸ್ತಿ ಆದರೆ ಹೆದರಿದ್ದಾನೆ ಅಂತ ಕಾಣುತ್ತದೆ.

ಪೊಲೀಸ್ ಸ್ಟೇಷನ್ನಿನಲ್ಲಿ ಮರ್ಯಾದೆ ಬಾಗಿಲಿನ ಸೆಂಟ್ರಿಯಿಂದಲೇ ಶುರು. ಅವರಿಗೂ "ಸರ್" ಅಂದು, "ಎಸ್‌ಐ ಸಾಹೇಬ್ರು ಇದ್ದಾರಾ? ದೂರು ಕೊಡಬೇಕಿತ್ತು" ಅಂತ ಕೇಳಿ. ಭುಜದ ಮೇಲೆ ಎರಡು ನಕ್ಷತ್ರ ಇದ್ದರೆ ಸಬ್ ಇನ್‌ಸ್ಪೆಕ್ಟರ್. ಮೂರು ನಕ್ಷತ್ರದ ಜೊತೆ ಕೆಂಪು-ನೀಲಿ ಪಟ್ಟಿ ಇದ್ದರೆ ಇನ್‌ಸ್ಪೆಕ್ಟರ್, ಪಟ್ಟಿ ಇಲ್ಲದಿದ್ದರೆ ಡಿವೈಎಸ್‌ಪಿ. ಗೊತ್ತಾಗದಿದ್ದರೂ ಚಿಂತೆಯಿಲ್ಲ, ಎಲ್ಲರಿಗೂ "ಸರ್" ನಡೆಯುತ್ತದೆ. ಒಳಗೆ ಹೋದ ಮೇಲೆ: "ನಮಸ್ಕಾರ ಸರ್, ನಿನ್ನೆ ರಾತ್ರಿ ಮನೆ ಮುಂದಿನಿಂದ ನನ್ನ ಬೈಕ್ ಕಳುವಾಗಿದೆ. ದೂರು ಬರೆದು ತಂದಿದ್ದೇನೆ." ಹಾಳೆ ಕೈಯಲ್ಲೇ ಇರಲಿ. "ನಮ್ಮ ಎಮ್ಮೆಲ್ಲೆ ಗೊತ್ತು" ಅನ್ನುವುದನ್ನು ಮೊದಲ ವಾಕ್ಯ ಮಾಡಬೇಡಿ. ಆಮೇಲೆ ಮಾತೆಲ್ಲ ಎಮ್ಮೆಲ್ಲೆ ಮೇಲೇ ಹೋಗುತ್ತದೆ, ಬೈಕ್ ಹಿಂದೆ ಬೀಳುತ್ತದೆ.

ತಹಶೀಲ್ದಾರ್, ಎಸಿ, ಡಿಸಿ ಹತ್ತಿರ ಇದಕ್ಕಿಂತ ಸುಲಭ. ಅಲ್ಲಿ "ಸರ್" ಆದ ಕೂಡಲೇ ಊರು, ಸರ್ವೆ ನಂಬರ್, ಅರ್ಜಿ ಕೊಟ್ಟ ತಾರೀಖು. ಅಷ್ಟು ಹೇಳಿ ಸ್ವೀಕೃತಿ ಚೀಟಿ ಮುಂದಿಟ್ಟರೆ, ಅವರೇ ಗುಮಾಸ್ತರನ್ನು ಕರೆದು ಫೈಲ್ ತರಿಸುತ್ತಾರೆ.