ಕಂಬಿ ಕಟ್ಟುತ್ತಿದ್ದ ನಾನು ಕಂಬಿಯ ಲೆಕ್ಕಕ್ಕೆ ಕುಳಿತದ್ದು

25 ಮಿಲಿಮೀಟರ್ ದಪ್ಪದ, 12 ಮೀಟರ್ ಉದ್ದದ ಒಂದು ಕಂಬಿ 46 ಕಿಲೋ ತೂಗುತ್ತದೆ. 32 ಮಿಲಿಮೀಟರಿನದು 75 ಕಿಲೋ ದಾಟುತ್ತದೆ. ತೋರಣಗಲ್ಲು ಕಡೆಯ ಕಾರ್ಖಾನೆಗಳ ಅಡಿಪಾಯಕ್ಕೆ ಬರುವುದೆಲ್ಲ ಇಂಥ ಕಂಬಿಯೇ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಅದನ್ನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮ ಗುಂಪಿನಲ್ಲಿ ನಲವತ್ತೈದು ದಾಟಿದವರು ಯಾರೂ ಸ್ಲ್ಯಾಬಿನ ಮೇಲೆ ಬಗ್ಗಿ ದಿನವಿಡೀ ಬೈಂಡಿಂಗ್ ವೈರ್ ಸುತ್ತುತ್ತಿರಲಿಲ್ಲ. ಅವರು ಕಾವಲುಗಾರರಾಗಿದ್ದರು, ಇಲ್ಲವೇ ಊರಿಗೆ ಮರಳಿದ್ದರು. ಅದನ್ನು ನೋಡಿಯೇ, ಸೊಂಟ ಇನ್ನೂ ಗಟ್ಟಿಯಾಗಿರುವಾಗ ಮೇಲ್ವಿಚಾರಣೆಗೆ ಬರಬೇಕೆಂದು ತೀರ್ಮಾನಿಸಿದೆ.

ಗಟ್ಟಿಯಾಗಿರುವಾಗಲೇ ಏಕೆಂದರೆ, ಕೈ ಕೆಲಸ ಚೆನ್ನಾಗಿ ನಡೆಯುವಾಗ ಗುತ್ತಿಗೆದಾರರು ನಮ್ಮ ಮಾತು ಕೇಳುತ್ತಾರೆ. ನೋವು ಶುರುವಾದ ಮೇಲೆ ಸೂಪರ್‌ವೈಸರ್ ಕೆಲಸ ಕೇಳಿದರೆ ಅದು ಅವರ ಕಿವಿಗೆ ರಿಯಾಯಿತಿಯ ಬೇಡಿಕೆಯಂತೆ ಬೀಳುತ್ತದೆ. ಇನ್ನೊಂದು ಕಾರಣವೂ ಇದೆ. ಕಂಬಿಯ ಲೆಕ್ಕ ಕಲಿಯಲು ಸೈಟೇ ಶಾಲೆ. ಬೆಳಿಗ್ಗೆ ಹಾಕಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಸಂಜೆ ಕತ್ತರಿಸಿದ ಕಂಬಿಯಲ್ಲೇ ತಿಳಿಯುತ್ತದೆ.

ನಾನು ಓದಿದ್ದು ಹತ್ತನೇ ತರಗತಿಯವರೆಗೆ. ಡ್ರಾಯಿಂಗ್ ಓದಲು ಬೇಕಾದ ಇಂಗ್ಲಿಷ್ ಒಂದು ಪುಟಕ್ಕಿಂತ ಹೆಚ್ಚಿಲ್ಲ. ಕಂಬಿ ಮೇಲಿನದೋ ಕೆಳಗಿನದೋ, ಎಷ್ಟು ದಪ್ಪ, ನಡುವೆ ಎಷ್ಟು ಅಂತರ, ಕಂಬಿಯ ಹೊರಗೆ ಬಿಡುವ ಕಾಂಕ್ರೀಟಿನ ದಪ್ಪ ಅಂದರೆ ಕವರ್ ಎಷ್ಟು, ಎರಡು ಕಂಬಿಗಳನ್ನು ಜೋಡಿಸುವಾಗ ಒಂದರ ಪಕ್ಕ ಒಂದು ಬರುವ ಉದ್ದ ಅಂದರೆ ಲ್ಯಾಪ್ ಎಷ್ಟು ಎಂಬುದೇ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಪುಟವನ್ನು ಕನ್ನಡದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಕಷ್ಟವಾದದ್ದು ಬಾರ್ ಬೆಂಡಿಂಗ್ ಶೆಡ್ಯೂಲ್. ಅಂದರೆ ಯಾವ ದಪ್ಪದ ಕಂಬಿಯನ್ನು ಎಷ್ಟು ಉದ್ದಕ್ಕೆ ಕತ್ತರಿಸಿ, ಹೇಗೆ ಬಗ್ಗಿಸಿ, ಎಷ್ಟು ತುಂಡು ಮಾಡಬೇಕು, ಒಟ್ಟು ತೂಕ ಎಷ್ಟು ಎಂಬ ಪಟ್ಟಿ. ಇದು ಬಂದರೆ ಕಂಬಿ ಕಟ್ಟುವವನು ಸೂಪರ್‌ವೈಸರ್ ಆಗುವ ದಾರಿಯ ಅರ್ಧ ಮುಗಿಯಿತು ಎಂಬುದು ನನ್ನ ನಂಬಿಕೆ.

ತೂಕದ ಲೆಕ್ಕ ಸುಲಭ. ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿಲಿಮೀಟರಿನ ಕಂಬಿಗೆ 144ನ್ನು 162ರಿಂದ ಭಾಗಿಸಿದರೆ 0.89 ಕಿಲೋ. 8 ಮಿಲಿಮೀಟರಿನದಕ್ಕೆ 0.395.

ಕತ್ತರಿಸುವ ಉದ್ದದಲ್ಲೇ ಎಲ್ಲರೂ ಎಡವುವುದು. ಬಳ್ಳಾರಿಯ ಒಂದು ಅಪಾರ್ಟ್‌ಮೆಂಟ್ ಕೆಲಸದ ಉದಾಹರಣೆ ಹೇಳುತ್ತೇನೆ. ಕಾಲಂ ಅಳತೆ 230ಕ್ಕೆ 380 ಮಿಲಿಮೀಟರ್, ಕವರ್ 40, ನಿಂತ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ 8 ಮಿಲಿಮೀಟರಿನದು. ಎರಡೂ ಬದಿಯ ಕವರ್ ಕಳೆದರೆ ರಿಂಗಿನ ಹೊರ ಅಳತೆ 150ಕ್ಕೆ 300, ಸುತ್ತಳತೆ 900. ಎರಡು ಹುಕ್ಕಿಗೆ ಕಂಬಿಯ ದಪ್ಪದ ಹತ್ತರಷ್ಟು, ಅಂದರೆ 80ರಂತೆ 160 ಸೇರಿಸಿದರೆ 1060. ನಮ್ಮ ಗುಂಪು ಯಾವಾಗಲೂ ಇಲ್ಲಿಗೇ ನಿಲ್ಲಿಸಿ ಕತ್ತರಿಸುತ್ತಿತ್ತು. ಆದರೆ ಬಗ್ಗಿಸುವಾಗ ಕಂಬಿ ಪ್ರತಿ ಮೂಲೆಯಲ್ಲೂ ಸ್ವಲ್ಪ ಹಿಗ್ಗುತ್ತದೆ. ಆದ್ದರಿಂದ ನೇರ ಮೂಲೆಯೊಂದಕ್ಕೆ ದಪ್ಪದ ಎರಡರಷ್ಟು, 135 ಡಿಗ್ರಿಯ ಹುಕ್ಕಿನ ಬಾಗಿಗೆ ಮೂರರಷ್ಟು ಕಳೆಯಬೇಕು. ರಿಂಗಿನಲ್ಲಿ ಮೂರು ನೇರ ಮೂಲೆ, ಎರಡು ಹುಕ್ಕು. ಮೂಲೆಗಳಿಗೆ 48, ಹುಕ್ಕುಗಳಿಗೆ 48, ಒಟ್ಟು 96 ಕಳೆದರೆ ಕತ್ತರಿಸಬೇಕಾದ ಉದ್ದ 964 ಮಿಲಿಮೀಟರ್.

ಈ 96 ಮಿಲಿಮೀಟರ್ ಏನು ಮಾಡುತ್ತದೆ ನೋಡಿ. 1060ಕ್ಕೆ ಕತ್ತರಿಸಿದರೆ 12 ಮೀಟರ್ ಕಂಬಿಯಲ್ಲಿ 11 ರಿಂಗ್ ಸಿಗುತ್ತವೆ. 964ಕ್ಕೆ ಕತ್ತರಿಸಿದರೆ 12 ಸಿಗುತ್ತವೆ. ಆ ಮಹಡಿಯಲ್ಲಿ ಮೂರು ಮೀಟರ್ ಎತ್ತರದ 20 ಕಾಲಂ, ಒಂದಕ್ಕೆ 25 ರಿಂಗ್, ಒಟ್ಟು 500. ಹಳೆಯ ಪದ್ಧತಿಯಲ್ಲಿ 46 ಕಂಬಿ ಬೇಕು, ಹೊಸ ಲೆಕ್ಕದಲ್ಲಿ 42 ಸಾಕು. ಉಳಿಯುವ ನಾಲ್ಕು ಕಂಬಿಯ ತೂಕ ಸುಮಾರು 19 ಕಿಲೋ. ಹಣದ ದೃಷ್ಟಿಯಿಂದ ಇದು ದೊಡ್ಡದಲ್ಲ. ಆದರೆ ಉದ್ದವಾದ ಹುಕ್ಕುಗಳು ಕಾಲಂ ಒಳಗೆ ಚಾಚಿಕೊಂಡು, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಸೂಜಿಗೆ ಅಡ್ಡ ಬರುತ್ತವೆ. ಸೂಜಿ ಇಳಿಯದ ಕಡೆ ಕಾಂಕ್ರೀಟ್ ಟೊಳ್ಳಾಗಿ ನಿಲ್ಲುತ್ತದೆ, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂತೆ ತೂತು ಕಾಣುತ್ತದೆ. ಈ ಎರಡನ್ನೂ ಒಟ್ಟಿಗೆ ತೋರಿಸಿದಾಗ ಸೈಟಿನ ಎಂಜಿನಿಯರ್ ನನ್ನ ಪಟ್ಟಿಯನ್ನು ಕೈಗೆತ್ತಿಕೊಂಡು ಕೇಳಿದರು: 'ಮೇಸ್ತ್ರಿಗಳೇ, ಮುಂದಿನ ಮಹಡಿಯ ಪಟ್ಟಿಯನ್ನೂ ನೀವೇ ಬರೆಯುತ್ತೀರಾ?' ನಾನು ಕಾದಿದ್ದು ಅದೇ ಮಾತಿಗೆ. ಬರೆಯುತ್ತೇನೆ ಸರ್, ಆದರೆ ನೀವು ಪ್ರತಿ ಸಾಲನ್ನೂ ನೋಡಿ ಸಹಿ ಮಾಡಬೇಕು ಎಂದೆ. ಅವರ ಸಹಿ ಇರುವ ಆ ಹಾಳೆಗಳನ್ನು ಗುತ್ತಿಗೆದಾರರಿಗೆ ತೋರಿಸಿದೆ. ಬೇರೆ ಪ್ರಮಾಣಪತ್ರ ಯಾರೂ ಕೇಳಲಿಲ್ಲ.

ಆ ಕಟ್ಟಡ ಮುಗಿಯುವವರೆಗೆ ಕೆಲಸ ಅರ್ಧರ್ಧವಾಗಿತ್ತು. ಬೆಳಿಗ್ಗೆ ಗುಂಪಿನ ಜೊತೆ ಕಂಬಿ ಕಟ್ಟುವುದು, ಮಧ್ಯಾಹ್ನದ ಮೇಲೆ ಪಟ್ಟಿ, ದಾಸ್ತಾನು, ತಪಾಸಣೆ. ಈ ಏರ್ಪಾಡನ್ನು ನಾನೇ ಕೇಳಿ ಪಡೆದೆ, ಏಕೆಂದರೆ ಕಿಲೋ ಲೆಕ್ಕದಲ್ಲಿ ದುಡಿಯುವ ಒಳ್ಳೆಯ ಕೈಗೆ ಸಿಗುವಷ್ಟು ಹಣ ಹೊಸ ಸೂಪರ್‌ವೈಸರಿನ ಸಂಬಳದಲ್ಲಿ ಬರುವುದಿಲ್ಲ. ಸಾಲದ ಕಂತು, ಮಕ್ಕಳ ಶುಲ್ಕ ಇರುವವರು ಈ ಇಳಿತವನ್ನು ಮೊದಲೇ ಲೆಕ್ಕ ಹಾಕಿ ಉಳಿತಾಯ ಮಾಡಿಟ್ಟುಕೊಳ್ಳಬೇಕು. ನನ್ನ ಹೆಂಡತಿ ಸುಗ್ಗಿಯ ಹಣವನ್ನು ಅದಕ್ಕೆಂದೇ ತೆಗೆದಿಟ್ಟಳು.

ದಾಸ್ತಾನಿನ ಲೆಕ್ಕದಲ್ಲಿ ಬಂದ ಕಂಬಿ, ಕಟ್ಟಿದ ಕಂಬಿ, ಉಳಿದ ಕಂಬಿ, ಕತ್ತರಿಸಿ ವ್ಯರ್ಥವಾದ ತುಂಡು ಇವು ನಾಲ್ಕೂ ಹೊಂದಬೇಕು. ನಮ್ಮ ಒಪ್ಪಂದದಲ್ಲಿ ತುಂಡಿಗೆ ಶೇ 3ರ ಮಿತಿ ಇತ್ತು. ಹೊಂದದಿದ್ದರೆ ತಕ್ಷಣ ಕಳ್ಳತನ ಎನ್ನಬಾರದು. ತಯಾರಿಕೆಯಲ್ಲೇ ತೂಕ ಸ್ವಲ್ಪ ಏರುಪೇರಾಗಲು ಮಾನಕದಲ್ಲಿ ಅವಕಾಶವಿದೆ. 10 ಮಿಲಿಮೀಟರಿನವರೆಗಿನ ಕಂಬಿಗೆ ಅದು ಶೇ 7, ಅದರ ಮೇಲೆ 16ರವರೆಗೆ ಶೇ 5, ಇನ್ನೂ ದಪ್ಪ ಕಂಬಿಗೆ ಶೇ 3. ಹೀಗಾಗಿ ಲಾರಿ ಬಂದಾಗ ವೇಬ್ರಿಜ್ ಚೀಟಿಯ ಜೊತೆಗೆ ಕಂಬಿಗಳನ್ನು ಎಣಿಸಿ, ಎರಡನ್ನೂ ಬರೆದಿಡುತ್ತೇನೆ. ವ್ಯತ್ಯಾಸ ಎಲ್ಲಿಂದ ಬಂತೆಂಬುದು ಆಗ ಗೊತ್ತಾಗುತ್ತದೆ.

ಆದರೆ ಸೂಪರ್‌ವೈಸರ್ ಎಂಬ ಹೆಸರಿಗೆ ತಕ್ಕ ಕೆಲಸ ಕಾಂಕ್ರೀಟ್ ಹಾಕುವ ಮುಂಚಿನ ತಪಾಸಣೆ. ಬಾಲ್ಕನಿಯನ್ನೇ ತೆಗೆದುಕೊಳ್ಳಿ. ಅದು ಗೋಡೆಯಿಂದ ಹೊರಗೆ ಚಾಚಿರುವುದರಿಂದ ಎಳೆತ ಬೀಳುವುದು ಮೇಲ್ಭಾಗಕ್ಕೆ. ಮುಖ್ಯ ಕಂಬಿ ಮೇಲೆಯೇ ಇರಬೇಕು. ಅದನ್ನು ಎತ್ತಿ ಹಿಡಿಯಲು ಕೆಳಗೆ ಬಗ್ಗಿಸಿದ ಕಂಬಿಯ ಚೇರ್ ಇಡುತ್ತೇವೆ. ಚೇರ್ ಕಡಿಮೆಯಾದರೆ, ಇಲ್ಲವೇ ಕಾಂಕ್ರೀಟ್ ಹಾಕುವವರು ಮೇಲೆ ಓಡಾಡಿದರೆ, ಕಂಬಿ ಕೆಳಗೆ ಕೂರುತ್ತದೆ. 125 ಮಿಲಿಮೀಟರ್ ದಪ್ಪದ ಸ್ಲ್ಯಾಬಿನಲ್ಲಿ ಮೇಲಿನ ಕವರ್ 20, ಕಂಬಿ 10 ಮಿಲಿಮೀಟರಿನದಾದರೆ ಕಂಬಿಯ ನಡುಭಾಗ ತಳದಿಂದ 100 ಮಿಲಿಮೀಟರ್ ಎತ್ತರದಲ್ಲಿರಬೇಕು. ಅದು 60ಕ್ಕೆ ಇಳಿದರೆ ಬಾಲ್ಕನಿಯ ಬಲದಲ್ಲಿ ಶೇ 40ರಷ್ಟು ಹೋದಂತೆಯೇ. ಹೊರಗಿನಿಂದ ಏನೂ ಕಾಣುವುದಿಲ್ಲ. ಬಿರುಕು ಬರುವುದು ಆಸರೆ ತೆಗೆದ ಮೇಲೆ, ಗೋಡೆಯ ಅಂಚಿನುದ್ದಕ್ಕೂ, ಮೇಲ್ಭಾಗದಲ್ಲಿ.

ಹಾಗಾಗಿ ನಾನು ಸೆಂಟ್ರಿಂಗ್ ಶೀಟಿನ ಮೇಲೆ ಟೇಪಿನ ತುದಿ ಊರಿ ಕಂಬಿಯ ಮೇಲ್ತುದಿಯವರೆಗೆ ಅಳೆಯುತ್ತೇನೆ. ಈ ಸ್ಲ್ಯಾಬಿಗೆ ಅದು 105 ಇರಬೇಕು. ನಂತರ ಕಂಬಿಯ ಮೇಲೆ ನಿಂತು, ಇಳಿದು, ಮತ್ತೆ ಅಳೆಯುತ್ತೇನೆ. ಎರಡನೆಯ ಅಳತೆ ಇಳಿದಿದ್ದರೆ ಚೇರ್ ಸಾಲದು. ಇದನ್ನೆಲ್ಲ ಹಿಂದಿನ ದಿನ ಸಂಜೆ ನಾಲ್ಕರೊಳಗೆ ಮುಗಿಸುತ್ತೇನೆ. ಕಾಂಕ್ರೀಟ್ ಲಾರಿ ಗೇಟಿನಲ್ಲಿ ನಿಂತ ಮೇಲೆ ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಿದರೂ ಜಗಳವಾಗಿಯೇ ಕೇಳುತ್ತಾರೆ. ಹಿಂದಿನ ಸಂಜೆ ಹೇಳಿದರೆ ನಾಲ್ಕು ಜನ ಒಂದು ತಾಸು ಕೆಲಸ ಮಾಡಿ ಸರಿಪಡಿಸುತ್ತಾರೆ. ಸೂಪರ್‌ವೈಸರಿನ ಅಧಿಕಾರ ಎನ್ನುವುದು ನನ್ನ ಮಟ್ಟಿಗೆ ಈ ಹಿಂದಿನ ಸಂಜೆಯಲ್ಲಿದೆ.

ನಮ್ಮೂರಿನ ಹುಡುಗರೇ ಈಗ ನನ್ನ ಕೈಕೆಳಗೆ ದುಡಿಯುತ್ತಾರೆ. ಅಳತೆಪುಸ್ತಕವನ್ನು ಅವರ ಮುಂದೆಯೇ ಬರೆಯುತ್ತೇನೆ. ಎಷ್ಟು ಕಿಲೋ ಕಟ್ಟಿದರು ಎಂಬುದು ಪಟ್ಟಿಯಿಂದಲೇ ಬರುವುದರಿಂದ, ಅಣ್ಣ ತೂಕ ಕಡಿಮೆ ಬರೆದ ಎಂಬ ಅನುಮಾನಕ್ಕೆ ಜಾಗವಿಲ್ಲ.

ಚಿಕ್ಕಪ್ಪನ ಮಗ ಟಿಪ್ಪರ್ ಚಾಲಕನಾಗಿದ್ದವನು. ಈಗ ಜಲ್ಲಿ ಸಾಗಿಸುವ ಗಾಡಿಗಳ ಮೇಲ್ವಿಚಾರಕ. ಅವನು ಹಿಡಿದದ್ದು ಡೀಸೆಲ್ ಮತ್ತು ತೂಕದ ದಾರಿ. ಟ್ಯಾಂಕ್ ತುಂಬಿಸಿ ಹೊರಟು, ಮರುದಿನ ಮತ್ತೆ ತುಂಬಿಸಿ, ಹಿಡಿದ ಲೀಟರನ್ನು ಕಿಲೋಮೀಟರಿಗೆ ಹೋಲಿಸಿ ಬರೆಯುತ್ತ ಬಂದ. ಲೋಡಿಂಗ್‌ಗೆ ಕಾಯುವಾಗ ಎಂಜಿನ್ ಓಡಿದ ಹೊತ್ತನ್ನು ಬೇರೆ ಬರೆಯದಿದ್ದರೆ ಒಳ್ಳೆಯ ಚಾಲಕನೂ ಡೀಸೆಲ್ ಕದ್ದವನಂತೆ ಕಾಣುತ್ತಾನೆ ಎಂಬುದು ಚಾಲಕನಾಗಿದ್ದ ಅವನಿಗೆ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ತೊಟ್ಟಿಗೆ ಮಣ್ಣು ಅಂಟುವುದರಿಂದ ಖಾಲಿ ಗಾಡಿಯನ್ನೂ ಹೊಸದಾಗಿ ತೂಗಿಸುತ್ತಾನೆ. ಮಾಲೀಕರು ಅವನಿಗೆ ಗಾಡಿಗಳ ವಿಮೆ, ಫಿಟ್‌ನೆಸ್, ಪರ್ಮಿಟ್‌ಗಳ ದಿನಾಂಕ ನೋಡುವ ಕೆಲಸವನ್ನೂ ವಹಿಸಿದರು.

ಕೊನೆಯದಾಗಿ, ನಮ್ಮವರು ಕೇಳದೇ ಬಿಡುವ ಒಂದು ವಿಷಯ. ಕಾರ್ಮಿಕ ಕಾರ್ಡು ಇದ್ದರೆ ಸೂಪರ್‌ವೈಸರ್ ಆದ ಮೇಲೂ ಅದು ಹಾಗೆಯೇ ನಡೆಯುತ್ತದೆ ಎಂದುಕೊಳ್ಳಬಾರದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆ, ಮೇಲ್ವಿಚಾರಣೆಯಲ್ಲಿದ್ದು ತಿಂಗಳಿಗೆ 1,600 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರನ್ನು ಕಟ್ಟಡ ಕಾರ್ಮಿಕರ ಲೆಕ್ಕದಿಂದ ಹೊರಗಿಟ್ಟಿತ್ತು. ಆದ್ದರಿಂದ ಹುದ್ದೆ ಬದಲಾಗುವ ಮೊದಲೇ ಜಿಲ್ಲಾ ಕಾರ್ಮಿಕ ಕಚೇರಿಯಲ್ಲಿ ಕಾರ್ಡಿನ ಸ್ಥಿತಿ ವಿಚಾರಿಸಬೇಕು. ಸಂಬಳದ ಮಾತು ಆಡುವಾಗಲೇ ಭವಿಷ್ಯನಿಧಿ ಮತ್ತು ಇಎಸ್‌ಐ ಎರಡನ್ನೂ ಹೆಸರು ಹಿಡಿದು ಕೇಳಬೇಕು. ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ನನ್ನ ಗುತ್ತಿಗೆದಾರರು ಮೊದಲು ಸಂಬಳ ಸ್ವಲ್ಪ ಹೆಚ್ಚಿಸುತ್ತೇನೆ, ಇವೆಲ್ಲ ಬೇಡ ಎಂದರು. ನಾನು ಹೆಚ್ಚಳ ಬಿಟ್ಟು ಇವೆರಡನ್ನೇ ಪಡೆದೆ. ಮೊದಲ ತಿಂಗಳ ಕಂತು ಜಮೆಯಾದದ್ದನ್ನು ಮೊಬೈಲ್‌ನಲ್ಲಿ ಭವಿಷ್ಯನಿಧಿಯ ಪಾಸ್‌ಬುಕ್ ತೆರೆದು ಖಚಿತಪಡಿಸಿಕೊಂಡ ಮೇಲೆಯೇ ಗುಂಪಿನಲ್ಲಿದ್ದ ನನ್ನ ಜಾಗವನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟೆ.