ಚಿತ್ರಕಲಾ ಪ್ರದರ್ಶನದ ಬಜೆಟ್: ಮೊದಲು ಟೇಪ್ ಹಿಡಿದು ಅಳೆಯಿರಿ

ಹಾಲ್ ಬುಕ್ ಆದ ಕೂಡಲೇ ಆಮಂತ್ರಣದ ಡಿಸೈನ್‌ಗೆ ಕೂರಬೇಡಿ. ಮೊದಲು ಒಂದು ಪಟ್ಟಿ ಮಾಡಿ: ಫ್ರೇಮ್ ಸೇರಿಸಿ ಪ್ರತಿ ಚಿತ್ರದ ಅಗಲ, ಎತ್ತರ, ತೂಕ, ಜೊತೆಗೆ ಬೆಲೆ. ದೊಡ್ಡ ಖರ್ಚೆಲ್ಲ ಇದರಿಂದಲೇ ಗೊತ್ತಾಗುತ್ತದೆ.

30 ಚಿತ್ರ, 5 ದಿನ ಅಂತ ಇಟ್ಟುಕೊಳ್ಳೋಣ. ಒಂದೊಂದು ಎರಡೂವರೆ ಅಡಿ ಅಗಲ. ನಡುವೆ ಒಂದೂವರೆ ಅಡಿ ಬಿಟ್ಟರೆ ಚಿತ್ರಕ್ಕೆ 4 ಅಡಿಯಂತೆ 120 ಅಡಿ ಗೋಡೆ ಬೇಕು. ಬಾಗಿಲು, ಕಿಟಕಿ, ಸ್ವಿಚ್ ಬೋರ್ಡ್ ಕಳೆದು ಹಾಲ್‌ನಲ್ಲಿ 88 ಅಡಿ ಸಿಕ್ಕರೆ, ಉಳಿದ 32 ಅಡಿಗೆ 4 ಅಡಿ ಅಗಲದ 8 ಪ್ಯಾನೆಲ್ ಬಾಡಿಗೆಗೆ ತರಬೇಕು. ಎರಡೂ ಬದಿ ಹಾಕಿದರೆ ನಾಲ್ಕೇ ಸಾಕು, ಆದರೆ ಸುತ್ತ ಓಡಾಡಲು ಜಾಗ ಇರಬೇಕು. ಗೋಡೆಗೆ ಮೊಳೆ ಹೊಡೆಯಬಹುದಾ ಅಂತ ಮೊದಲೇ ಕೇಳಿ. ಬಿಡದಿದ್ದರೆ ಗೋಡೆಯ ಮೇಲ್ತುದಿಯಲ್ಲಿರುವ ಪಟ್ಟಿಯಿಂದ ನೈಲಾನ್ ದಾರದಲ್ಲಿ ತೂಗುಹಾಕಬೇಕು. ಚಿತ್ರಕ್ಕೆ ಎರಡರಂತೆ 60 ಕೊಕ್ಕೆ, ಮೇಲೆ ಹತ್ತು ಜಾಸ್ತಿ ಇರಲಿ.

ವಿಮೆಯಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಾಲ್‌ನೊಳಗಿನ ಐದು ದಿನಕ್ಕೆ ಮಾತ್ರ ಮಾಡಿಸಿದ್ದೆ. ಟೆಂಪೊದಿಂದ ಇಳಿಸುವಾಗ ಗಾಜು ಒಡೆದು ಗೆಳೆಯನ ಜಲವರ್ಣ ಹರಿಯಿತು. ಒಂದು ಪೈಸೆಯೂ ಬರಲಿಲ್ಲ. ಕಲಾವಿದನ ಮನೆ ಗೋಡೆಯಿಂದ ಇಳಿಸಿದ ಗಳಿಗೆಯಿಂದ ಮತ್ತೆ ಅದೇ ಗೋಡೆಗೆ ಏರುವವರೆಗೂ ವಿಮೆ ಇರಬೇಕು. ಅಂದರೆ 5 ದಿನವಲ್ಲ, ಸುಮಾರು 9 ದಿನ. ಚಿತ್ರಗಳ ಒಟ್ಟು ಬೆಲೆ 12 ಲಕ್ಷ, ಏಜೆಂಟ್ ಅರ್ಧ ಪರ್ಸೆಂಟ್ ಹೇಳಿದರು ಅನ್ನಿ: ಪ್ರೀಮಿಯಂ 6,000 ರೂಪಾಯಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 7,080. ನಷ್ಟವಾದರೆ ಮೊದಲ ಎಷ್ಟು ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ ಅಂತ ತಪ್ಪದೆ ಕೇಳಿ. ಪ್ಯಾಕಿಂಗ್ ಸರಿಯಿಲ್ಲ ಅನ್ನುವ ಕಾರಣಕ್ಕೂ ಕ್ಲೇಮ್ ಬಿದ್ದುಹೋಗಬಹುದು. ಅದಕ್ಕೇ ಮೂಲೆ ಗಾರ್ಡ್, ಬಬಲ್ ರ‍್ಯಾಪ್ ಖರ್ಚನ್ನು ವಿಮೆಯ ಪಕ್ಕದಲ್ಲೇ ಬರೆಯಿರಿ. ಕಟ್ಟುವ ಮೊದಲು ಪ್ರತಿ ಚಿತ್ರದ ಹಿಂದೆ ಮುಂದೆ ಫೋಟೊ ತೆಗೆಯಿರಿ.

ಆಮಂತ್ರಣ ಹೆಚ್ಚಿನವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಾಕು. ಹಿರಿಯರಿಗೆ, ಅತಿಥಿಗಳಿಗೆ ನೂರು ಕಾರ್ಡ್ ಅಚ್ಚು ಹಾಕಿಸಿ.

ನೋಡಲು ಬಂದವರಿಗೆ ಕೊಡುವ ಕೈಪಿಡಿಯ ಪುಟ ನಾಲ್ಕರ ಲೆಕ್ಕದಲ್ಲಿರಲಿ: 8 ಇಲ್ಲವೇ 12. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ 10 ಪುಟ ಮಾಡಿದರೆ ಎರಡು ಪುಟ ಸುಮ್ನೆ ಖಾಲಿ. ದಿನಕ್ಕೆ 80 ಜನ, ಇಬ್ಬರಿಗೊಂದು ಪ್ರತಿ ಅಂದರೆ 200 ಸಾಕು. ಇಷ್ಟಕ್ಕೆ ಡಿಜಿಟಲ್ ಮುದ್ರಣವೇ ಅಗ್ಗ. ಆಫ್‌ಸೆಟ್‌ನಲ್ಲಿ ಪ್ಲೇಟ್ ಖರ್ಚು ಮೊದಲೇ ಬೀಳುತ್ತದೆ, ಸಾವಿರ ಪ್ರತಿ ಹಾಕಿಸಿದರೆ ಅದು ಗಿಟ್ಟುತ್ತದೆ.

ಸ್ವಯಂಸೇವಕರು ಸಂಬಳ ಕೇಳುವುದಿಲ್ಲ, ಹಾಗಂತ ಆ ಸಾಲಿಗೆ ಸೊನ್ನೆ ಹಾಕಬೇಡಿ. ಬಾಗಿಲಲ್ಲಿ ಒಬ್ಬರು, ಒಳಗೆ ಇಬ್ಬರು, ದಿನಕ್ಕೆ ಎರಡು ಪಾಳಿ: ಐದು ದಿನಕ್ಕೆ 30 ಸರದಿ. ದಿನಕ್ಕೊಬ್ಬರು ಬದಲಿ ಸೇರಿ 35. ಊಟ, ಚಹಾ, ಬಸ್ ಚಾರ್ಜ್‌ಗೆ 200 ರೂಪಾಯಿಯಂತೆ 7,000. ಬದಲಿಯವರನ್ನು ಮಾತ್ರ ಕೈಬಿಡಬೇಡಿ. ಊಟಕ್ಕೆ ಎದ್ದಾಗಲೇ ಕೋಣೆ ಖಾಲಿಯಾಗುತ್ತದೆ, ಯಾರದೋ ಮಗು ಕ್ಯಾನ್ವಾಸ್ ಮುಟ್ಟುವುದೂ ಆಗಲೇ.