ಕಲ್ಲಂಗಡಿಗೂ 72, ಅನ್ನಕ್ಕೂ 72: ಜಿಐ ಸಂಖ್ಯೆಯನ್ನು ಓದುವುದು ಹೇಗೆ?

ಯಾವ ತಿನಿಸು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಹೇಳುವ ಸಂಖ್ಯೆಯೇ ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ಜಿಐ. ಡಯಟ್ ಲೇಖನಗಳ ಜೊತೆ ಬರುವ ಜಿಐ ಪಟ್ಟಿಯಲ್ಲಿ ಕಲ್ಲಂಗಡಿಯ ಮುಂದೆ 72 ಎಂದು ಬರೆದಿರುವುದನ್ನು ನೋಡಿರಬಹುದು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ಅಳೆದಾಗ ಸೋನಾ ಮಸೂರಿ ಅನ್ನಕ್ಕೆ ಸಿಕ್ಕಿದ್ದೂ 72. ಸಕ್ಕರೆಗೆ ಸುಮಾರು 65. ಹಾಗಾದರೆ ಅನ್ನಕ್ಕಿಂತ ಸಕ್ಕರೆಯೇ ವಾಸಿಯೇ? ಎರಡು ಹೋಳು ಕಲ್ಲಂಗಡಿ ತಿಂದರೂ ಒಂದು ತಟ್ಟೆ ಅನ್ನ ಉಂಡರೂ ಒಂದೇನೇ? ಅಲ್ಲ. ಆದರೆ ಪಟ್ಟಿ ಸುಳ್ಳು ಹೇಳುತ್ತಿಲ್ಲ, ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದೆ, ಅಷ್ಟೆ.

ಮೊದಲು, ಅಳೆದದ್ದು ಹೇಗೆಂದು ತಿಳಿಯಿರಿ

ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಈ ಲೆಕ್ಕವನ್ನು 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಸುಮಾರು ಹತ್ತು ಜನ ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಬರುತ್ತಾರೆ. ಒಂದು ದಿನ 50 ಗ್ರಾಂ ಗ್ಲೂಕೋಸ್ ನೀರು ಕುಡಿಸುತ್ತಾರೆ. ಇನ್ನೊಂದು ದಿನ ಪರೀಕ್ಷಿಸಬೇಕಾದ ತಿನಿಸು ಕೊಡುತ್ತಾರೆ. ಆ ತಿನಿಸಿನಲ್ಲಿ ಜೀರ್ಣವಾಗುವ ಕಾರ್ಬೋಹೈಡ್ರೇಟ್ 50 ಗ್ರಾಂ ಇರುವಷ್ಟು ತೂಕ ಹಾಕಿರುತ್ತಾರೆ. ಎರಡು ಗಂಟೆ ಕಾಲ ಆಗಾಗ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತಾರೆ. ಗ್ಲೂಕೋಸ್ ಏರಿಸಿದ್ದನ್ನು 100 ಎಂದಿಟ್ಟುಕೊಂಡರೆ ತಿನಿಸು ಏರಿಸಿದ್ದು ಎಷ್ಟು ಎಂಬುದೇ ಜಿಐ. 55ರವರೆಗೆ ಕಡಿಮೆ, 70 ಮತ್ತು ಮೇಲೆ ಹೆಚ್ಚು, ನಡುವಿನದು ಮಧ್ಯಮ.

ಗಮನಿಸಬೇಕಾದದ್ದು ಆ 50 ಗ್ರಾಂ. ಅಷ್ಟು ಕಾರ್ಬೋಹೈಡ್ರೇಟ್ ಅನ್ನದಲ್ಲಾದರೆ 180 ಗ್ರಾಂ ಆಸುಪಾಸಿನಲ್ಲೇ ಸಿಕ್ಕಿಬಿಡುತ್ತದೆ. ಕಲ್ಲಂಗಡಿಯಲ್ಲಿ ಬೇಕೆಂದರೆ, 2002ರ ಅಂತರರಾಷ್ಟ್ರೀಯ ಜಿಐ ಪಟ್ಟಿಯ ಲೆಕ್ಕದಂತೆ, ಸಿಪ್ಪೆ ತೆಗೆದ ತಿರುಳೇ ಹೆಚ್ಚುಕಡಿಮೆ ಒಂದು ಕಿಲೋ ತಿನ್ನಬೇಕು. ಬೇಸಿಗೆಯಲ್ಲೂ ಅಷ್ಟನ್ನು ಒಂದೇ ಸಲಕ್ಕೆ ತಿನ್ನುವವರು ಅಪರೂಪ.

ನಿಮ್ಮ ತಟ್ಟೆಯ ಲೆಕ್ಕ ಹಾಕಿ

ತಿನ್ನುವ ಪ್ರಮಾಣದಲ್ಲಿರುವ ಕಾರ್ಬೋಹೈಡ್ರೇಟ್ ಗ್ರಾಮನ್ನು ಜಿಐನಿಂದ ಗುಣಿಸಿ 100ರಿಂದ ಭಾಗಿಸಿ. ಇದಕ್ಕೆ ಗ್ಲೈಸೆಮಿಕ್ ಲೋಡ್ ಎನ್ನುತ್ತಾರೆ. ಎರಡು ದೊಡ್ಡ ಹೋಳು ಕಲ್ಲಂಗಡಿ, ಅಂದರೆ 240 ಗ್ರಾಂ ತಿರುಳಿನಲ್ಲಿ, 12 ಗ್ರಾಂ ಕಾರ್ಬೋಹೈಡ್ರೇಟ್. 12 × 72 ÷ 100 ಅಂದರೆ ಸುಮಾರು 9. ಹತ್ತರ ಒಳಗಿದ್ದರೆ ಕಡಿಮೆ ಎಂದೇ ಲೆಕ್ಕ. ಇನ್ನು 250 ಗ್ರಾಂ ಅನ್ನಕ್ಕೆ ಬನ್ನಿ: 70 ಗ್ರಾಂ ಕಾರ್ಬೋಹೈಡ್ರೇಟ್, ಲೋಡ್ ಸುಮಾರು 50. 20 ದಾಟಿದರೇ ಹೆಚ್ಚು ಎನ್ನುತ್ತಾರೆ. ಒಂದೇ ಜಿಐ, ಲೋಡ್‌ನಲ್ಲಿ ಐದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಅನ್ನವನ್ನು ಅರ್ಧ ಮಾಡಿದರೆ ಲೋಡ್ 25ಕ್ಕೆ ಇಳಿಯುತ್ತದೆ, ಜಿಐ ಮಾತ್ರ 72ರಲ್ಲೇ ಕೂತಿರುತ್ತದೆ.

ಒಲೆಯ ಮೇಲೆ ಏನಾಯಿತೆಂದು ಕೇಳಿ

ಪ್ರಯೋಗಾಲಯದಲ್ಲಿ ಅನ್ನವನ್ನು ಬರಿದಾಗಿ ತಿನ್ನಿಸುತ್ತಾರೆ. ನಾವು ಸಾರು, ಪಲ್ಯ, ಮೊಸರು ಕಲಸಿ ಉಣ್ಣುತ್ತೇವೆ. ಬೇಳೆಯ ಪ್ರೋಟೀನ್, ಒಗ್ಗರಣೆಯ ಎಣ್ಣೆ, ಹುಣಸೆಯ ಹುಳಿ ಇವೆಲ್ಲ ಹೊಟ್ಟೆಯಿಂದ ಅನ್ನ ಮುಂದೆ ಸಾಗುವುದನ್ನು ತಡಮಾಡುತ್ತವೆ, ಸಕ್ಕರೆ ನಿಧಾನವಾಗಿ ಏರುತ್ತದೆ. ಅದೇ ಅಕ್ಕಿ ಗಂಜಿಯಂತೆ ಮೆತ್ತಗೆ ಬೆಂದರೆ ಪಿಷ್ಟ ಪೂರ್ತಿ ಅರಳಿ ಬೇಗ ಜೀರ್ಣವಾಗುತ್ತದೆ. ಬೆಂದು ಆರಿದ ಮೇಲೆ ಪಿಷ್ಟದ ಸ್ವಲ್ಪ ಭಾಗ ಮತ್ತೆ ಬಿಗಿದುಕೊಂಡು ಜೀರ್ಣಕ್ಕೆ ಸಿಗದಂತಾಗುತ್ತದೆ. ತಂಗಳನ್ನ ಬಿಸಿ ಅನ್ನಕ್ಕಿಂತ ಕೊಂಚ ಬೇರೆಯಾಗುವುದು ಹೀಗೆ. ರಾಗಿಯ ವಿಷಯವೂ ಅಷ್ಟೆ. ‘ರಾಗಿ ಜಿಐ ಕಡಿಮೆ’ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವವರನ್ನು ನಾನಂತೂ ನಂಬುವುದಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ, ಮುದ್ದೆ, ರೊಟ್ಟಿ ಮೂರೂ ಒಂದೇ ಅಲ್ಲ.

ಈ ಸಂಖ್ಯೆ ನೋಡದೇ ಇರುವುದು

ಸಕ್ಕರೆಯ 65ರ ಗುಟ್ಟು ಇಲ್ಲಿದೆ. ಅದರಲ್ಲಿ ಅರ್ಧ ಫ್ರಕ್ಟೋಸ್. ಅದು ಹೆಚ್ಚಾಗಿ ಪಿತ್ತಜನಕಾಂಗಕ್ಕೆ ಹೋಗುತ್ತದೆ, ಬೆರಳಿನ ರಕ್ತದಲ್ಲಿ ಗ್ಲೂಕೋಸ್ ಆಗಿ ಅಷ್ಟು ಕಾಣುವುದಿಲ್ಲ. ಅಂದರೆ ಪಟ್ಟಿಗೆ ಕಾಣದಿದ್ದರೂ ದೇಹಕ್ಕೆ ಬಂದೇ ಬಂತು. ಐಸ್‌ಕ್ರೀಮಿನ ಜಿಐ ಹಲವು ಸಲ ಅನ್ನಕ್ಕಿಂತ ಕಡಿಮೆ ಬರುವುದಕ್ಕೆ ಕೊಬ್ಬೂ ಒಂದು ಕಾರಣ. ಕ್ಯಾಲೊರಿ, ಉಪ್ಪು, ನಾರು, ವಿಟಮಿನ್ ಇವು ಯಾವುವೂ ಈ ಲೆಕ್ಕದೊಳಗೆ ಇಲ್ಲ.

ಇನ್ನೊಂದು ಮಾತು. 72 ಎಂಬುದು ಸರಾಸರಿ. ಹತ್ತು ಜನರಲ್ಲಿ ಒಬ್ಬೊಬ್ಬರದೂ ಬೇರೆ, ಒಬ್ಬರದೇ ಎರಡು ದಿನ ಬೇರೆ. ಅದೇ 2002ರ ಪಟ್ಟಿಯಲ್ಲಿ ಕಲ್ಲಂಗಡಿಯ 72ರ ಪಕ್ಕದಲ್ಲೇ ‘±13’ ಎಂದಿದೆ, ಅಂದರೆ ಆ ಸರಾಸರಿಯೇ ಅಷ್ಟು ಆಚೀಚೆ ಇರಬಹುದು. ಪತ್ರಿಕೆಗೆ ಬರುವ ಹೊತ್ತಿಗೆ ಆ 13 ಉದುರಿಹೋಗಿರುತ್ತದೆ. 68 ಮತ್ತು 72ರ ನಡುವೆ ಆಯ್ಕೆ ಮಾಡಲು ತಲೆಕೆಡಿಸಿಕೊಳ್ಳಬೇಕಿಲ್ಲ.

ಸಕ್ಕರೆ ಕಾಯಿಲೆ ಇದ್ದು ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಹೀಗೆ ಮಾಡಿ: ಅದೇ ಅಳತೆಯ ಅನ್ನ, ಅದೇ ಸಾರು, ಅದೇ ಹೊತ್ತು, ಮೂರು ದಿನ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ ಬರೆದಿಡಿ. ಮುಂದಿನ ಮೂರು ದಿನ ಅನ್ನ ಅರ್ಧ, ಪಲ್ಯ ದುಪ್ಪಟ್ಟು. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ಮಾತ್ರ ನೀವೇ ಬದಲಿಸಬೇಡಿ.